ವಾಟ್ಸಾಪ್‌ನಲ್ಲಿ ಬಂದ ಫೋಟೊ ಕ್ಯಾಲೆಂಡರಿಗೆ ಆಗುತ್ತದೆಯೇ? ಮೂಲ ಮತ್ತು ಕಂಪ್ರೆಸ್ ಆದ ಪ್ರತಿ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಡಿಟಿಪಿ ಅಂಗಡಿಗಳಿಗೆ ವರ್ಷದ ಕೊನೆಯಲ್ಲಿ ಕ್ಯಾಲೆಂಡರ್ ಕೆಲಸ ಬಂದಾಗ ಏಳುವ ಪ್ರಶ್ನೆಗಳಿವು. ಪುಟದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ದೇವರಾಯನದುರ್ಗದ ತೇರಿನ ಒಂದು ಫೋಟೊ: ಮೇಲೆ ತಿಳಿ ಆಕಾಶ, ನಡುವೆ ಬಾವುಟ ಮತ್ತು ಬಣ್ಣದ ಬಟ್ಟೆ ಹೊದ್ದ ತೇರು, ಹಿಂದೆ ಬಂಡೆಗಲ್ಲಿನ ಬೆಟ್ಟ, ಕೆಳಗೆ ಜನ. ಅದನ್ನು 12×18 ಇಂಚಿನ ಹಾಳೆಯಲ್ಲಿ ಅಡ್ಡಲಾಗಿ, ಪೂರ್ತಿ ತುಂಬುವಂತೆ ಅಚ್ಚು ಹಾಕಬೇಕು. ಕೈಯಲ್ಲಿ ಎರಡು ಫೈಲಿವೆ. ಒಂದು ಕ್ಯಾಮೆರಾದಿಂದ ನೇರ ಬಂದ 6000×4000 ಪಿಕ್ಸೆಲ್‌ನ ಮೂಲ. ಇನ್ನೊಂದು ಅದೇ ಫೋಟೊ ವಾಟ್ಸಾಪ್ ಹಾದು 1600×1067 ಆಗಿ ಬಂದದ್ದು.

ಮೊಬೈಲಿನಲ್ಲಿ ನೋಡಿದರೆ ಎರಡೂ ಒಂದೇ ಥರ ಇವೆ. ವ್ಯತ್ಯಾಸ ಎಲ್ಲಿದೆ?

ಮೊಬೈಲಿನಲ್ಲಿ ಇಲ್ಲ, ಅದೇ ತೊಂದರೆ. ಫೋನನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಸುಮಾರು 1080 ಪಿಕ್ಸೆಲ್. ಆರು ಸಾವಿರದ ಫೈಲನ್ನೂ ಸಾವಿರದಾರುನೂರರ ಫೈಲನ್ನೂ ಫೋನು ಅಷ್ಟಕ್ಕೇ ಇಳಿಸಿ ತೋರಿಸುತ್ತದೆ. ಇಳಿಸುವಾಗ ಕಂಪ್ರೆಶನ್ನಿನ ಕಲೆಗಳೂ ಅರ್ಧಕ್ಕರ್ಧ ಅಳಿಸಿಹೋಗುತ್ತವೆ. ಕಾಗದದಲ್ಲಿ ನಡೆಯುವುದು ಇದರ ಉಲ್ಟಾ. ಅಲ್ಲಿ ಇರುವ ಪಿಕ್ಸೆಲ್‌ಗಳನ್ನೇ ಹದಿನೆಂಟು ಇಂಚಿಗೆ ಹರಡಬೇಕು. ಮೂಲದಲ್ಲಿ ಇಂಚಿಗೆ 333 ಪಿಕ್ಸೆಲ್ ಸಿಗುತ್ತವೆ, ವಾಟ್ಸಾಪ್ ಪ್ರತಿಯಲ್ಲಿ 89.

ಹೋಲಿಸುವ ಮೊದಲು ಫೈಲಿನಲ್ಲಿ ಏನೇನು ನೋಡಿಕೊಳ್ಳಬೇಕು?

ಪಿಕ್ಸೆಲ್ ಅಳತೆ, ಜೆಪೆಗ್ ಗುಣಮಟ್ಟ, ಮತ್ತು ಬಣ್ಣದ ಮಾಹಿತಿಯನ್ನು ಎಷ್ಟು ತೆಳುಮಾಡಿದ್ದಾರೆ ಎಂಬುದು. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಇದ್ದರೆ ಒಂದೇ ಸಾಲಿನ ಕಮಾಂಡ್ ಸಾಕು:

```
magick identify -format "%f %wx%h %Q %[jpeg:sampling-factor]\n" mula.jpg vatsap.jpg
```

ಉತ್ತರ ಹೀಗೆ ಬರಬಹುದು:

```
mula.jpg 6000x4000 96 2x1,1x1,1x1
vatsap.jpg 1600x1067 80 2x2,1x1,1x1
```

ಮೂರನೆಯ ಸಂಖ್ಯೆ ಗುಣಮಟ್ಟದ ಅಂದಾಜು. ಫೈಲಿನೊಳಗಿನ ಕೋಷ್ಟಕ ನೋಡಿ ತಂತ್ರಾಂಶ ಅದನ್ನು ಊಹಿಸುತ್ತದೆ. ಒಂದು ತಂತ್ರಾಂಶದ 80 ಇನ್ನೊಂದರ 80 ಅಲ್ಲ. ಫೋಟೊಶಾಪಿನ ಅಳತೆಗೋಲಂತೂ 0ಯಿಂದ 12ರವರೆಗಿನದು. ಹಾಗಾಗಿ ಈ ಸಂಖ್ಯೆ ನೋಡಿಯೇ ತೀರ್ಪು ಕೊಡಬೇಡಿ.

ಕೊನೆಯ ಭಾಗಕ್ಕೆ ಹೆಚ್ಚು ಗಮನ ಕೊಡಿ. 2x2 ಎಂದಿದ್ದರೆ ಬೆಳಕು-ನೆರಳಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇದೆ, ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇದೆ ಎಂದರ್ಥ. ಕಣ್ಣಿಗೆ ಬಣ್ಣದ ಅಂಚುಗಳು ಅಷ್ಟು ಚೂಪಾಗಿ ಕಾಣುವುದಿಲ್ಲವೆಂಬ ಧೈರ್ಯದ ಮೇಲೆ ಹೀಗೆ ಮಾಡುತ್ತಾರೆ. ಹಸಿರು ಹೊಲದ ಚಿತ್ರದಲ್ಲಿ ಆ ಧೈರ್ಯ ನಡೆಯುತ್ತದೆ. ಹಳದಿ-ಕೆಂಪು ಬಾವುಟದಲ್ಲಿ ನಡೆಯುವುದಿಲ್ಲ.

ಫೈಲು ಎಷ್ಟು ಕೆಬಿ ಇದೆ ಎಂದು ನೋಡಿದರೆ ಸಾಲದೇ?

ಸಾಲದು. ನಂದಿಬೆಟ್ಟದ ಮಂಜಿನ ಫೋಟೊದಲ್ಲಿ ವಿವರವೇ ಕಡಿಮೆ, ಅದು ಒಳ್ಳೆಯ ಗುಣಮಟ್ಟದಲ್ಲೂ ಚಿಕ್ಕ ಫೈಲಾಗುತ್ತದೆ. ಕೆತ್ತನೆ ಕಂಬಗಳ ಫೋಟೊ ಕೆಟ್ಟ ಗುಣಮಟ್ಟದಲ್ಲೂ ದೊಡ್ಡದಾಗೇ ಉಳಿಯುತ್ತದೆ. ಕೆಬಿ ಹೋಲಿಕೆಗೆ ಅರ್ಥ ಬರುವುದು ಒಂದೇ ಫೋಟೊದ, ಒಂದೇ ಪಿಕ್ಸೆಲ್ ಅಳತೆಯ ಎರಡು ಪ್ರತಿಗಳ ನಡುವೆ ಮಾತ್ರ.

ಎರಡನ್ನೂ ಎದುರುಬದುರು ಇಟ್ಟು ಹೋಲಿಸುವ ಸರಿಯಾದ ಕ್ರಮ ಯಾವುದು?

ಮೊದಲು ಪಿಕ್ಸೆಲ್ ಅಳತೆ ಒಂದಾಗಬೇಕು. ಅದಕ್ಕೆ ಎರಡು ದಾರಿಗಳಿವೆ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ಮೂಲವನ್ನು 1600ಕ್ಕೆ ಇಳಿಸಿ ಹೋಲಿಸಿದರೆ ಕಂಪ್ರೆಶನ್ ಮಾಡಿದ ಹಾನಿಯಷ್ಟೇ ಕಾಣುತ್ತದೆ. ಚಿಕ್ಕದನ್ನು 6000ಕ್ಕೆ ಹಿಗ್ಗಿಸಿ ಹೋಲಿಸಿದರೆ ಅಳತೆ ಇಳಿಸಿದ್ದರಿಂದ ಹೋದದ್ದೂ ಸೇರಿ ಒಟ್ಟು ನಷ್ಟ ಕಾಣುತ್ತದೆ. ಮೊದಲನೆಯದರಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಕಲೆಗಳನ್ನು ಗುರುತಿಸಲು ಕಣ್ಣು ಪಳಗುವುದು ಅಲ್ಲಿಯೇ.

```
magick mula.jpg -auto-orient -resize "1600x1067!" mula-1600.png
```

ಇಳಿಸಿದ್ದನ್ನು ಪಿಎನ್‌ಜಿಯಲ್ಲೇ ಉಳಿಸಿ. ಜೆಪೆಗ್‌ನಲ್ಲಿ ಉಳಿಸಿದರೆ ನಿಮ್ಮದೇ ಕಲೆಯೂ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಜಿಂಪ್‌ನಲ್ಲಿ ಈ ಪಿಎನ್‌ಜಿ ತೆರೆದು, File > Open as Layers ಮೂಲಕ ವಾಟ್ಸಾಪ್ ಪ್ರತಿಯನ್ನು ಮೇಲಿನ ಲೇಯರ್ ಆಗಿ ತನ್ನಿ. ಝೂಮ್ 200% ಇಡಿ. ಮೇಲಿನ ಲೇಯರಿನ ಕಣ್ಣಿನ ಗುರುತನ್ನು ಸೆಕೆಂಡಿಗೊಮ್ಮೆ ಒತ್ತುತ್ತಾ ಹೋಗಿ. ಎರಡು ಚಿತ್ರ ಪಕ್ಕಪಕ್ಕ ಇದ್ದಾಗ ಕಾಣದ ವ್ಯತ್ಯಾಸ, ಒಂದೇ ಜಾಗದಲ್ಲಿ ಮಿಟುಕಿದಾಗ ತಟ್ಟನೆ ಕಣ್ಣಿಗೆ ಬೀಳುತ್ತದೆ. ನಮ್ಮ ಮಟ್ಟಿಗೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಪರದೆಯ ಮೇಲೆ ಇನ್ನೊಂದಿಲ್ಲ.

ಮಿಟುಕಿಸುವಾಗ ಇಡೀ ಚಿತ್ರವೇ ಒಂದು ಕೂದಲೆಳೆಯಷ್ಟು ಕದಲಿದಂತೆ ಕಂಡರೆ ಅಳತೆ ಹೊಂದಿಲ್ಲ. 1067ರ ಬದಲು 1066 ಆಗಿರುತ್ತದೆ, ಅಥವಾ ಯಾರೋ ಅಂಚು ಕತ್ತರಿಸಿರುತ್ತಾರೆ. ಇಡೀ ಚಿತ್ರದ ಬಣ್ಣವೇ ಮಂಕಾಗಿ ಅಥವಾ ಗಾಢವಾಗಿ ಬದಲಾದರೆ ಅದು ಕಂಪ್ರೆಶನ್ ಅಲ್ಲ. ಮೂಲ ಅಡೋಬ್ ಆರ್‌ಜಿಬಿಯಲ್ಲಿದ್ದು ಪ್ರತಿ ಎಸ್‌ಆರ್‌ಜಿಬಿಯಲ್ಲಿದ್ದರೆ ಹಾಗಾಗಬಹುದು. ಮೊದಲು ಎರಡನ್ನೂ ಒಂದೇ ಪ್ರೊಫೈಲಿಗೆ ತನ್ನಿ.

ಲೇಯರ್ ಮೋಡ್ Difference ಮಾಡಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಹಾಗಾದರೆ ವ್ಯತ್ಯಾಸವೇ ಇಲ್ಲವೇ?

ಇದೆ, ಕಣ್ಣಿಗೆ ಕಾಣುವಷ್ಟು ಬೆಳಕಾಗಿಲ್ಲ ಅಷ್ಟೆ. 255ರ ಅಳತೆಯಲ್ಲಿ ಐದಾರರಷ್ಟು ವ್ಯತ್ಯಾಸ ಕಪ್ಪಾಗಿಯೇ ಕಾಣುತ್ತದೆ. ಅದನ್ನು ಎಂಟುಪಟ್ಟು ಮಾಡಿ ನೋಡಿ:

```
magick mula-1600.png vatsap.jpg -compose difference -composite -evaluate multiply 8 vyatyasa.png
```

ಕೆಲವರು ಇಲ್ಲಿ ಆಟೊ ಲೆವೆಲ್ ಒತ್ತುತ್ತಾರೆ. ಅದು ಪ್ರತಿ ಚಿತ್ರವನ್ನೂ ಅದರದ್ದೇ ಗರಿಷ್ಠಕ್ಕೆ ಎಳೆಯುವುದರಿಂದ ಒಳ್ಳೆಯ ಪ್ರತಿಯೂ ಕೆಟ್ಟ ಪ್ರತಿಯೂ ಒಂದೇ ಥರ ಭಯಂಕರವಾಗಿ ಕಾಣುತ್ತವೆ. ಎಂಟು ಎಂದರೆ ಎಂಟೇ ಇರಲಿ, ಎಲ್ಲ ಪ್ರತಿಗಳಿಗೂ ಒಂದೇ ಗುಣಕ ಬಳಸಿ.

ಈಗ ಕಾಣುವ ಬಿಳಿ ಗೆರೆಗಳೆಲ್ಲ ದೋಷವಲ್ಲ. ಅಂಚುಗಳ ಮೇಲೆಯೇ ಕುಳಿತ ಸಣ್ಣ, ಸಮನಾದ ಗೆರೆಗಳು ಬರುವುದು ಅಳತೆ ಇಳಿಸುವ ವಿಧಾನದ ವ್ಯತ್ಯಾಸದಿಂದ, ವಾಟ್ಸಾಪ್ ಒಂದು ರೀತಿ ಇಳಿಸಿದೆ, ನೀವು ಇನ್ನೊಂದು ರೀತಿ. ಕಂಪ್ರೆಶನ್ನಿನ ಗುರುತು ಬೇರೆ: ಅಂಚಿನಿಂದ ಆಚೆಗೂ ಚೆಲ್ಲಿದ ಚುಕ್ಕಿಗಳು ಮತ್ತು ಎಂಟೆಂಟು ಪಿಕ್ಸೆಲ್‌ನ ಚೌಕಗಳು.

ತೇರಿನ ಫೋಟೊದಲ್ಲಿ ಎಲ್ಲೆಲ್ಲಿ ಹುಡುಕಬೇಕು?

ಜೆಪೆಗ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಜಾಗ ತಾನೇ ಗೊತ್ತಾಗುತ್ತದೆ. ಅದು ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕವನ್ನೂ ನಿಧಾನವಾಗಿ ಬದಲಾಗುವ ಭಾಗ, ಬೇಗ ಬದಲಾಗುವ ಭಾಗ ಎಂದು ಬೇರ್ಪಡಿಸಿ, ಬೇಗ ಬದಲಾಗುವ ನವಿರು ವಿವರವನ್ನು ಒರಟಾಗಿ ಪೂರ್ಣಾಂಕಕ್ಕೆ ತಳ್ಳುತ್ತದೆ. ಗುಣಮಟ್ಟ ಇಳಿಸಿದಷ್ಟೂ ತಳ್ಳಾಟ ಒರಟು. ಪಕ್ಕದ ಚೌಕದಲ್ಲಿ ಏನು ನಡೆಯಿತೆಂದು ಒಂದಕ್ಕೊಂದು ಕೇಳುವುದಿಲ್ಲ.

ಆಕಾಶವನ್ನು ಮೊದಲು ನೋಡಿ. ಅಲ್ಲಿ ಬಣ್ಣ ಮೆಲ್ಲಗೆ ಬದಲಾಗುತ್ತದೆ. ಪ್ರತಿ ಚೌಕವೂ ತನ್ನದೇ ಸರಾಸರಿಗೆ ಕುಳಿತುಬಿಟ್ಟರೆ ಹೆಂಚು ಹಾಸಿದಂತೆ ಚೌಕಗಳ ಸಾಲು ಕಾಣುತ್ತದೆ. ಚೌಕಗಳಿಲ್ಲದೆ ಅಗಲವಾದ ಪಟ್ಟಿಗಳಷ್ಟೇ ಕಂಡರೆ ಮೂಲವನ್ನೂ ನೋಡಿ, ಅದರಲ್ಲೂ ಇದ್ದರೆ ತಪ್ಪು ವಾಟ್ಸಾಪಿನದ್ದಲ್ಲ.

ಎರಡನೆಯದು ತೇರಿನ ಕಳಶ ಆಕಾಶಕ್ಕೆ ತಾಗುವ ಅಂಚು. ಒಂದೇ ಚೌಕದೊಳಗೆ ಕಡುಬಣ್ಣವೂ ತಿಳಿಬಣ್ಣವೂ ಇದ್ದಾಗ, ಆ ಚೂಪು ಅಂಚನ್ನು ಕಟ್ಟುವ ಅಲೆಗಳು ಪೂರ್ತಿ ರದ್ದಾಗದೆ ಸುತ್ತ ಹರಡುತ್ತವೆ. ಕಳಶದ ಸುತ್ತ ನೊಣ ಮುತ್ತಿದಂತೆ ಬೂದು ಚುಕ್ಕಿಗಳು ಕಾಣುತ್ತವೆ. ಈ ಚುಕ್ಕಿಗಳು ಅಂಚು ಹಾದುಹೋಗುವ ಚೌಕದ ಗಡಿಯಲ್ಲಿ ತಟ್ಟನೆ ನಿಲ್ಲುತ್ತವೆ. ಹಾಗಾಗಿ ಕ್ಯಾಮೆರಾದ ಗ್ರೇನ್‌ನಿಂದ ಇವನ್ನು ಬೇರೆ ಮಾಡಿ ಗುರುತಿಸಬಹುದು. ಗ್ರೇನ್ ಎಲ್ಲೆಡೆ ಒಂದೇ ಸಮ ಇರುತ್ತದೆ.

ಮೂರನೆಯದು ಬಾವುಟ. ಬಣ್ಣದ ಮಾಹಿತಿ ನಾಲ್ಕಕ್ಕೊಂದು ಆಗಿರುವಾಗ ಬಣ್ಣದ ಚೌಕ 8×8 ಅಲ್ಲ, 16×16 ಪಿಕ್ಸೆಲ್‌ನಷ್ಟು ಜಾಗ ಆವರಿಸುತ್ತದೆ. ಕೆಂಪು ಹಳದಿಯೊಳಕ್ಕೆ ಜಿನುಗುತ್ತದೆ, ಸೇರುವ ಗೆರೆ ಕೊಳೆ ಕಿತ್ತಳೆಯಾಗುತ್ತದೆ. ಕೆಂಪು ಬಟ್ಟೆಯ ಮೇಲಿನ ಸಣ್ಣ ಅಕ್ಷರಗಳಿದ್ದರೆ ಕಲೆ ಮೊದಲು ಕಾಣುವುದೇ ಅಲ್ಲಿ.

ಕೊನೆಗೆ ಜನ. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಮೂಲದಲ್ಲಿ ಒಂದು ಮುಖ 60 ಪಿಕ್ಸೆಲ್ ಅಗಲ ಇದೆ ಎನ್ನಿ. ವಾಟ್ಸಾಪ್ ಪ್ರತಿಯಲ್ಲಿ ಅದು 16 ಪಿಕ್ಸೆಲ್, ಅಂದರೆ ಅಗಲಕ್ಕೆ ಎರಡೇ ಚೌಕ. ಕಣ್ಣು, ಮೂಗು, ಹಣೆಯ ಕುಂಕುಮ ಎಲ್ಲವೂ ಆ ಎರಡು ಚೌಕದ ಅಗಲದೊಳಗೆ ಮುಗಿಯಬೇಕು, ಬಣ್ಣಕ್ಕಾದರೆ ಒಂದೇ ಚೌಕದ ಅಗಲ. ಕಾಗದದ ಮೇಲೆ ಎರಡೂ ಮುಖಗಳ ಅಗಲ ಸುಮಾರು 4.6 ಮಿ.ಮೀ. ಮೂಲದ ಮುಖವನ್ನು ಗುರುತು ಹಿಡಿಯಬಹುದು, ಪ್ರತಿಯದ್ದು ಬೆಲ್ಲದ ಅಚ್ಚು.

200% ಝೂಮಿನಲ್ಲಿ ಕಂಡ ಕಲೆಯೆಲ್ಲ ಅಚ್ಚಿನಲ್ಲೂ ಕಾಣುತ್ತದೆಯೇ?

ಇಲ್ಲ. ಇಲ್ಲಿ ಎರಡೂ ಕಡೆ ತಪ್ಪು ಮಾಡುವವರಿದ್ದಾರೆ. ಮಾಮೂಲಿ ಮಾನಿಟರಿನಲ್ಲಿ ಇಂಚಿಗೆ ಸುಮಾರು 96 ಪಿಕ್ಸೆಲ್ ಇರುತ್ತವೆ. 333ರಂತೆ ಅಚ್ಚಾಗುವ ಮೂಲವನ್ನು 100% ಝೂಮಿನಲ್ಲಿ ನೋಡುವುದೆಂದರೆ ಅಚ್ಚಿನ ಮೂರೂವರೆ ಪಟ್ಟು ದೊಡ್ಡದಾಗಿ ನೋಡಿದಂತೆ. 89ರಂತೆ ಅಚ್ಚಾಗುವ ಪ್ರತಿಯನ್ನು ಅದೇ 100%ರಲ್ಲಿ ನೋಡಿದರೆ ಸರಿಸುಮಾರು ಅಚ್ಚಿನಷ್ಟೇ ಗಾತ್ರ. ಝೂಮ್ ಸಂಖ್ಯೆ ಒಂದೇ ಆದರೂ ಎರಡು ಫೈಲಿಗೆ ಎರಡು ಬೇರೆ ನ್ಯಾಯ.

ಅದಕ್ಕೇ ಝೂಮ್ ಬಿಟ್ಟು ಮಿಲಿಮೀಟರಿನಲ್ಲಿ ಯೋಚಿಸಿ. ಎಂಟನ್ನು ಇಂಚಿನ ಪಿಕ್ಸೆಲ್‌ನಿಂದ ಭಾಗಿಸಿ 25.4ರಿಂದ ಗುಣಿಸಿದರೆ ಕಾಗದದ ಮೇಲೆ ಒಂದು ಚೌಕದ ಅಗಲ ಸಿಗುತ್ತದೆ. ಮೂಲದಲ್ಲಿ 0.6 ಮಿ.ಮೀ., ಪ್ರತಿಯಲ್ಲಿ 2.3 ಮಿ.ಮೀ. ಪ್ರತಿಯ ಬಣ್ಣದ ಚೌಕ 4.6 ಮಿ.ಮೀ. ಕೈಯಳತೆ ದೂರದಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸಿನ ಮೆಲುವಾದ ಕಲೆ ಅಚ್ಚಿನ ಚುಕ್ಕಿಗಳ ನಡುವೆ ಮುಳುಗಿಹೋಗುತ್ತದೆ. 2.3 ಮಿ.ಮೀ. ಚೌಕ ಆಕಾಶದಲ್ಲಿ ಸಾಲುಗಟ್ಟಿದರೆ ಯಾರಿಗೂ ಕಾಣುತ್ತದೆ.

ಈ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ಮೂಲದ 6000×4000 ಅಳತೆ ಹಾಗೇ ಇಟ್ಟು ಗುಣಮಟ್ಟವನ್ನು ಮಾತ್ರ ಎಂಬತ್ತಕ್ಕೆ ಇಳಿಸಿದ ಫೈಲು, ಅಳತೆ ಇಳಿಸಿ ತೊಂಬತ್ತೈದರಲ್ಲಿ ಉಳಿಸಿದ ಫೈಲಿಗಿಂತ ಈ ಹಾಳೆಗೆ ಎಷ್ಟೋ ಮೇಲು. ಕಳಿಸುವ ಫೈಲು ಚಿಕ್ಕದಾಗಲೇಬೇಕೆಂದರೆ ಗುಣಮಟ್ಟದಲ್ಲಿ ಸ್ವಲ್ಪ ಬಿಟ್ಟುಕೊಡಿ, ಪಿಕ್ಸೆಲ್ ಬಿಟ್ಟುಕೊಡಬೇಡಿ.

ಕಣ್ಣಿನ ಬದಲು ಒಂದು ಸಂಖ್ಯೆಯಲ್ಲಿ ತೀರ್ಮಾನ ಆಗುವುದಿಲ್ಲವೇ?

ಎರಡು ಚಿತ್ರಗಳು ಎಷ್ಟು ಹತ್ತಿರ ಇವೆ ಎಂದು ಹೇಳುವ ಪಿಎಸ್‌ಎನ್‌ಆರ್ ಎಂಬ ಅಳತೆಯಿದೆ:

```
magick compare -metric PSNR mula-1600.png vatsap.jpg null:
```

ಸ್ಥೂಲವಾಗಿ 40 ದಾಟಿದರೆ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ, 30ರ ಹತ್ತಿರ ಇದ್ದರೆ ಎದ್ದು ಕಾಣುತ್ತದೆ. ಆದರೆ ಅದು ಇಡೀ ಚಿತ್ರದ ಸರಾಸರಿ. ಅರ್ಧ ಚಿತ್ರ ಆಕಾಶವೇ ಇದ್ದರೆ ಅದು ಸಂಖ್ಯೆಯನ್ನು ಮೇಲೆತ್ತಿ ಬಾವುಟದ ಹಾಳುತನವನ್ನು ಮುಚ್ಚಿಹಾಕುತ್ತದೆ. ಕಳಶ, ಬಾವುಟ, ಜನ, ಒಂದೊಂದನ್ನೂ ಎರಡೂ ಫೈಲಿನಿಂದ ಒಂದೇ ಜಾಗದಲ್ಲಿ ಕತ್ತರಿಸಿ ಬೇರೆಬೇರೆಯಾಗಿ ಅಳೆಯಿರಿ.

“300 ಡಿಪಿಐ ಮಾಡಿಯೇ ಕಳಿಸಿದ್ದೇವೆ” ಎನ್ನುತ್ತಾರೆ. ಫೈಲೂ 6000×4000 ಇದೆ. ನಂಬಬಹುದೇ?

ಡಿಪಿಐ ಎಂಬುದು ಫೈಲಿನ ಮೇಲೆ ಅಂಟಿಸಿದ ಚೀಟಿ. 1600 ಪಿಕ್ಸೆಲ್‌ನ ಫೈಲಿಗೆ 300 ಎಂದು ಚೀಟಿ ಹಚ್ಚಿದರೆ ಅದು 5.3 ಇಂಚಿನ ಚಿತ್ರ ಎಂದು ಹೇಳಿದಂತಾಯಿತೇ ಹೊರತು ಒಂದು ಪಿಕ್ಸೆಲ್ಲೂ ಹುಟ್ಟಲಿಲ್ಲ. 1600ನ್ನು ಹಿಗ್ಗಿಸಿ 6000 ಮಾಡಿ ಕಳಿಸಿದ್ದರೆ ಅದನ್ನು ಹಿಡಿಯುವುದು ಇನ್ನೂ ಮುಖ್ಯ. ಮೂಲ ಕೈಯಲ್ಲಿ ಇಲ್ಲದಿದ್ದಾಗಲೂ ನಡೆಯುವ ಪರೀಕ್ಷೆ ಇದು. ಅನುಮಾನದ ಫೈಲನ್ನೇ ಇಳಿಸಿ, ಮತ್ತೆ ಹಿಗ್ಗಿಸಿ, ಅದರೊಂದಿಗೇ ಹೋಲಿಸಿ:

```
magick anumana.jpg -resize 1600x -resize "6000x4000!" hogi-banda.png
magick anumana.jpg hogi-banda.png -compose difference -composite -evaluate multiply 8 pariksha.png
```

ನಿಜವಾದ ಮೂಲವಾದರೆ 1600ಕ್ಕೆ ಇಳಿಸಿದಾಗ ಬಂಡೆಯ ಒರಟುತನ, ಮುಖಗಳು, ತೇರಿನ ಹಗ್ಗದ ಎಳೆ ಎಲ್ಲ ಕಳೆದುಹೋಗಿ, ವ್ಯತ್ಯಾಸದ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಹಿಗ್ಗಿಸಿದ ಫೈಲಾದರೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಚಿತ್ರ ಬಹುತೇಕ ಕಪ್ಪು. ಫೋಕಸ್ ತಪ್ಪಿದ ಮೂಲವೂ ಕಪ್ಪಾಗಿಯೇ ಬರುತ್ತದೆ. ಅಚ್ಚಿನ ದೃಷ್ಟಿಯಲ್ಲಿ ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಚಿಂತೆಯಿಲ್ಲ.

ಪ್ರೂಫ್ ತೆಗೆದು ನೋಡುವುದಾದರೆ ಪೂರ್ತಿ ಹಾಳೆ ಬೇಕೇ?

ಒಂದೇ ಹಾಳೆಯಲ್ಲಿ ಎರಡನ್ನೂ ನೋಡಬಹುದು. ಮೂಲದಿಂದ ತೇರು, ಬಾವುಟ, ಸ್ವಲ್ಪ ಆಕಾಶ, ಸ್ವಲ್ಪ ಜನ ಬರುವಂತೆ 2000×1333 ಪಿಕ್ಸೆಲ್‌ನ ತುಂಡು ಕತ್ತರಿಸಿ. ಅದು 6×4 ಇಂಚು ಆಗುತ್ತದೆ. ಪ್ರತಿಯಲ್ಲಿ ಅದೇ ಜಾಗ 533×356 ಪಿಕ್ಸೆಲ್, ಅದನ್ನೂ 6×4 ಇಂಚಿಗೇ ಇಡಿ. ಶಾರ್ಪನ್ ಮಾಡಬೇಡಿ, ಕಾಂಟ್ರಾಸ್ಟ್ ಏರಿಸಬೇಡಿ. ಶಾರ್ಪನ್ ಅಂಚನ್ನು ಹುಡುಕಿ ಎತ್ತಿ ತೋರಿಸುವ ಕೆಲಸ, ಚೌಕಗಳ ಗಡಿಯೂ ಅದಕ್ಕೆ ಅಂಚೇ. ಕ್ಯಾಲೆಂಡರಿಗೆ ಬಳಸುವ ಕಾಗದದಲ್ಲೇ, ಅದೇ ಯಂತ್ರದಲ್ಲೇ ತೆಗೆಸಿ. ಹೊಳಪಿನ ಕಾಗದದಲ್ಲಿ ಕಾಣುವ ಕಲೆ ಮ್ಯಾಪ್‌ಲಿಥೊದಲ್ಲಿ ಶಾಯಿ ಹರಡಿ ಮಾಯವಾಗಬಹುದು. ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ, ಒಂದೂವರೆ ಅಡಿ ದೂರದಿಂದ ನೋಡಿ.

ಹಾಗಾದರೆ ಈ ವಾಟ್ಸಾಪ್ ಪ್ರತಿ ಯಾವುದಕ್ಕೂ ಬರುವುದಿಲ್ಲವೇ?

ಬರುತ್ತದೆ. 3438ನ್ನು ನೋಡುವ ದೂರದ ಇಂಚುಗಳಿಂದ ಭಾಗಿಸಿ. ಸಾಮಾನ್ಯ ದೃಷ್ಟಿಗೆ ಆ ದೂರದಲ್ಲಿ ಇಂಚಿಗೆ ಎಷ್ಟು ಪಿಕ್ಸೆಲ್ ಬೇಕೋ ಅದು ಸಿಗುತ್ತದೆ. ಒಂದೂವರೆ ಅಡಿಗೆ 191 ಬೇಕು, ನಮ್ಮ ಪ್ರತಿಯಲ್ಲಿ ಇರುವುದು 89. ಮೂರು ಅಡಿಗೆ 95 ಸಾಕು, ಅಲ್ಲಿ ಪ್ರತಿ ಹತ್ತಿರಹತ್ತಿರ ಪಾಸು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೂರು ಅಡಿಯಿಂದ ತಾನೆ ನೋಡುವುದು ಎಂದು ವಾದಿಸಬಹುದು. ಆದರೆ ತೇರಿನ ಫೋಟೊದಲ್ಲಿ ತಮ್ಮ ಮುಖ ಎಲ್ಲಿದೆ ಎಂದು ಹುಡುಕಲು ಜನ ಮೂಗು ತಾಗಿಸುತ್ತಾರೆ. ಮೇಲಾಗಿ ಈ ಲೆಕ್ಕ ಚೂಪುತನಕ್ಕೆ ಮಾತ್ರ, ಚೌಕಗಳು ಅದಕ್ಕಿಂತ ದೂರದಿಂದಲೂ ಕಾಣುತ್ತವೆ. 12×18ಕ್ಕೆ ಬೇಡ ಎಂಬುದೇ ನಮ್ಮ ಉತ್ತರ.

ಆಹ್ವಾನ ಪತ್ರಿಕೆಯೊಳಗೆ ಐದು ಇಂಚು ಅಗಲಕ್ಕೆ ಹಾಕುವುದಾದರೆ ಇಂಚಿಗೆ 320 ಸಿಗುತ್ತದೆ, ನಿಶ್ಚಿಂತೆ. ಎಂಟು ಇಂಚಿನವರೆಗೂ ಒಪ್ಪಬಹುದು. ಆರಡಿ ಅಗಲದ ಬ್ಯಾನರಿಗೆ ಇಂಚಿಗೆ 22 ಬರುತ್ತದೆ, ಹತ್ತು ಅಡಿ ದೂರಕ್ಕೆ ಬೇಕಾದದ್ದು ಸುಮಾರು 29. ಚಿತ್ರ ಕೊಂಚ ಮೆತ್ತಗಾದರೂ ರಸ್ತೆ ಬದಿಗೆ ನಡೆಯುತ್ತದೆ. ಆಕಾಶದಲ್ಲಿ ಚೌಕಗಳಿದ್ದರೆ ಮಾತ್ರ ಅವು ಅಲ್ಲಿ ಒಂಬತ್ತು ಮಿಲಿಮೀಟರ್ ಆಗಿ ಕೂರುತ್ತವೆ. ಆಗ ಆಕಾಶದ ಭಾಗವನ್ನಷ್ಟೇ ಆಯ್ದು, ಹಿಗ್ಗಿಸುವ ಮೊದಲೇ ಲಘುವಾಗಿ ಬ್ಲರ್ ಮಾಡಿ, ಮೇಲೆ ಚಿಟಿಕೆ ಗ್ರೇನ್ ಹಾಕಿ. ಮುಖಗಳ ಮೇಲೆ ಈ ಉಪಾಯ ಬೇಡ, ಹೋದ ವಿವರ ಅದರಿಂದ ಬರುವುದಿಲ್ಲ.

ಮೂಲವನ್ನೇ ಕಳಿಸಿ ಎಂದು ಕೇಳುವುದು ಹೇಗೆ? ಬಂದದ್ದು ಮೂಲವೇ ಎಂದು ತಿಳಿಯುವುದು ಹೇಗೆ?

ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಗ್ಯಾಲರಿಯಿಂದ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದ ಫೈಲು ಬದಲಾಗುವುದಿಲ್ಲ. ಎಚ್‌ಡಿ ಗುಂಡಿ ಒತ್ತಿದರೆ ಪಿಕ್ಸೆಲ್ ಹೆಚ್ಚು ಉಳಿಯುತ್ತವೆ ನಿಜ, ಆದರೂ ಅದು ಮತ್ತೊಮ್ಮೆ ಕಂಪ್ರೆಸ್ ಆದ ಪ್ರತಿಯೇ. ಪೆನ್‌ಡ್ರೈವ್‌ನಲ್ಲಿ ಬಂತೆಂದು ಮೂಲವೂ ಆಗಿಬಿಡುವುದಿಲ್ಲ. ಫೈಲಿನ ಹೆಸರು IMG-20250114-WA0007.jpg ಎಂಬ ಮಾದರಿಯಲ್ಲಿದ್ದರೆ ಅದು ಯಾರದೋ ವಾಟ್ಸಾಪ್ ಫೋಲ್ಡರಿನಿಂದ ಎದ್ದು ಬಂದದ್ದು. ಹೆಸರು ಬದಲಿಸಿದ್ದರೆ ಪ್ರಾಪರ್ಟೀಸ್‌ನಲ್ಲಿ ಕ್ಯಾಮೆರಾದ ಹೆಸರು, ಷಟರ್ ವೇಗ ಇವೆಯೇ ನೋಡಿ. ಫೋಟೊ ಆಗಿ ಕಳಿಸಿದಾಗ ಆ ವಿವರ ಅಳಿದುಹೋಗುತ್ತದೆ.

ಮೂಲ ಫೈಲನ್ನೇ ಕೊಟ್ಟಿದ್ದೆವು. ಆದರೂ ಅಚ್ಚಿನಲ್ಲಿ ಚೌಕಗಳು ಬಂದಿವೆ. ಏಕೆ?

ಹೆಚ್ಚಾಗಿ ಕೋರೆಲ್‌ಡ್ರಾನಿಂದ ಪಿಡಿಎಫ್ ಮಾಡುವ ಹೊತ್ತಿನಲ್ಲಿ ಆಗಿರುತ್ತದೆ. ಪಿಡಿಎಫ್ ಮಾಡುವಾಗ ಚಿತ್ರಗಳ ಅಳತೆ ಇಳಿಸುವ ಆಯ್ಕೆ, ಜೆಪೆಗ್ ಗುಣಮಟ್ಟದ ಆಯ್ಕೆ ಎರಡೂ ಇರುತ್ತವೆ. ವೆಬ್ ಅಥವಾ ಇಮೇಲ್‌ಗೆಂದು ಇಟ್ಟ ಸೆಟ್ಟಿಂಗ್ ಹಾಗೇ ಉಳಿದಿದ್ದರೆ ಆರು ಸಾವಿರದ ಚಿತ್ರ ಅಲ್ಲೇ ಕುಗ್ಗುತ್ತದೆ. ಪ್ರೆಸ್‌ಗೆ ಕಳಿಸುವ ಮೊದಲು ಪಾಪ್ಲರ್ ಎಂಬ ಪಿಡಿಎಫ್ ತಂತ್ರಾಂಶದ ಜೊತೆ ಬರುವ ಈ ಕಮಾಂಡ್ ಓಡಿಸಿ:

```
pdfimages -list calendar.pdf
```

width, height ಕಂಬಗಳಲ್ಲಿ 6000, 4000 ಉಳಿದಿದೆಯೇ, x-ppi ಕಂಬದಲ್ಲಿ 333 ಇದೆಯೇ ನೋಡಿ. ಅಲ್ಲಿ 96 ಅಥವಾ 150 ಎಂದಿದ್ದರೆ ಪಿಡಿಎಫ್ ಮತ್ತೆ ಮಾಡಿ. ಸಂಖ್ಯೆ ಸರಿಯಿದ್ದು enc ಕಂಬದಲ್ಲಿ jpeg ಎಂದಿದ್ದರೆ, pdfimages -j ಬಳಸಿ ಆ ಚಿತ್ರವನ್ನು ಹೊರತೆಗೆದು, ಮೂಲದ ಜೊತೆ ಮೇಲಿನ ಮಿಟುಕಿಸುವ ಪರೀಕ್ಷೆಗೆ ಹಾಕಿ. ಪಿಡಿಎಫ್‌ನಲ್ಲಿ ಚಿತ್ರ ಸಿಎಂವೈಕೆಗೆ ಬದಲಾಗಿದ್ದರೆ ಬಣ್ಣ ಬೇರೆಯಾಗಿ ಕಾಣುವುದು ಸಹಜ, ಆಗ ಬಣ್ಣ ಬಿಟ್ಟು ಕಳಶದ ಸುತ್ತಲಿನ ಚುಕ್ಕಿಗಳನ್ನೂ ಆಕಾಶದ ಚೌಕಗಳನ್ನೂ ಮಾತ್ರ ನೋಡಿ.